ಆಂಪಿಯರ್ ಸರಿ, ವ್ಯಾಟ್ ಇಲ್ಲ: 50 ಹರ್ಟ್ಸ್‌ನ ಕರೆಂಟಿನ ಹಿಂದೆ ಬಿದ್ದ ಒಂದು ಇನ್ವರ್ಟರ್

ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ಮನೆಯ ಚಾವಣಿಗೆ ಹಾಕುವ 3 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಸೋಲಾರ್ ಇನ್ವರ್ಟರ್ ತಯಾರಾಗುತ್ತಿತ್ತು. ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಅಲ್ಲಿಯ ಫರ್ಮ್‌ವೇರ್ ಬರೆಯುವ ಹುಡುಗಿ ಫೋನ್ ಮಾಡಿದಳು. "ಸರ್, ಒಮ್ಮೆ ಬಂದು ನೋಡ್ಬೇಕಿತ್ತು. ಕರೆಂಟ್ ಸರಿಯೇ ಉಂಟು, ಪವರ್ ಮಾತ್ರ ಬರುದಿಲ್ಲ." ಇಂಥ ಮಾತನ್ನು ಫೋನಿನಲ್ಲಿ ಬಿಡಿಸುವುದಕ್ಕೆ ಆಗುವುದಿಲ್ಲ. ಸ್ಕೋಪಿನ ಪ್ರೋಬ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೇಜಿನ ಮೇಲಿದ್ದ ಸರ್ಕ್ಯೂಟ್ ಸರಳವಾದದ್ದು. ಒಂದು ಕಡೆ 400 ವೋಲ್ಟ್‌ನ ಡಿಸಿ ಸಪ್ಲೈ, ಅದಕ್ಕೆ 2,000 ಮೈಕ್ರೊಫ್ಯಾರಡ್ ಕೆಪಾಸಿಟರ್, ನಂತರ ನಾಲ್ಕು ಸ್ವಿಚ್‌ಗಳ ಫುಲ್ ಬ್ರಿಡ್ಜ್, ಅದರ ಮುಂದೆ 4 ಮಿಲಿಹೆನ್ರಿಯ ಇಂಡಕ್ಟರ್. ಇಂಡಕ್ಟರಿನ ಆಚೆ ತುದಿ ಶೆಡ್ಡಿನದೇ 230 ವೋಲ್ಟ್ ಮೈನ್ಸ್‌ಗೆ. ತಂತಿ, ಸ್ವಿಚ್ ಎಲ್ಲ ಸೇರಿ ರೆಸಿಸ್ಟೆನ್ಸ್ 0.4 ಓಮ್‌ನಷ್ಟು. ಕಂಟ್ರೋಲರ್ ಸೆಕೆಂಡಿಗೆ 20,000 ಸಲ ಕರೆಂಟ್ ಅಳೆದು, ಬೇಕಾದ ಕರೆಂಟಿನ ಜೊತೆ ಹೋಲಿಸಿ, ವ್ಯತ್ಯಾಸವನ್ನು, ಅಂದರೆ ತಪ್ಪನ್ನು, ಪಿಐ ಎಂಬ ಪ್ರಪೋರ್ಷನಲ್-ಇಂಟಿಗ್ರಲ್ ಲೆಕ್ಕದ ಮೂಲಕ ಹಾಯಿಸಿ, ಬ್ರಿಡ್ಜ್ ಎಷ್ಟು ವೋಲ್ಟೇಜ್ ಕೊಡಬೇಕೆಂದು ತೀರ್ಮಾನಿಸುತ್ತಿತ್ತು. ಬೇಕಾದ ಕರೆಂಟ್ ಎಂದರೆ ಮೈನ್ಸ್ ವೋಲ್ಟೇಜಿನ ಜೊತೆಯಲ್ಲೇ ಏರಿ ಇಳಿಯುವ 50 ಹರ್ಟ್ಸ್‌ನ ಸೈನ್ ಅಲೆ. ಅದರ ಕೋನವನ್ನು ಮೈನ್ಸ್ ಅಲೆಯ ಲಯವನ್ನು ಹಿಂಬಾಲಿಸುವ ಪಿಎಲ್‌ಎಲ್ ಕೊಡುತ್ತದೆ.

ಅವಳು 1 ಕಿಲೋವ್ಯಾಟ್‌ಗೆ ರೆಫರೆನ್ಸ್ ಇಟ್ಟಳು. 230 ವೋಲ್ಟ್‌ಗೆ 4.35 ಆಂಪಿಯರ್ ಆರ್‌ಎಂಎಸ್, ಅಂದರೆ ಅಲೆಯ ತುದಿಯಲ್ಲಿ 6.15 ಆಂಪಿಯರ್. ಕ್ಲ್ಯಾಂಪ್ ಮೀಟರ್ 4.5 ತೋರಿಸಿತು. ಪವರ್ ಅನಲೈಸರ್ ಮಾತ್ರ 560 ವ್ಯಾಟ್ ಅಂದಿತು. ಸ್ಕೋಪಿನ ಎರಡು ಚಾನೆಲ್‌ಗೆ ಮೈನ್ಸ್ ವೋಲ್ಟೇಜ್ ಮತ್ತು ಕರೆಂಟ್ ಹಾಕಿದಾಗ ವಿಷಯ ಕಣ್ಣಿಗೆ ಬಿತ್ತು. ವೋಲ್ಟೇಜ್ ಸೊನ್ನೆ ದಾಟಿ 3.15 ಮಿಲಿಸೆಕೆಂಡ್ ಆದ ಮೇಲೆ ಕರೆಂಟ್ ಸೊನ್ನೆ ದಾಟುತ್ತಿತ್ತು. 20 ಮಿಲಿಸೆಕೆಂಡಿನ ಸೈಕಲ್‌ನಲ್ಲಿ ಅದು ಸುಮಾರು 57 ಡಿಗ್ರಿ. ಪವರ್ ಫ್ಯಾಕ್ಟರ್ 0.55.

"ಇನ್ನೊಂದು ಉಂಟು ಸರ್, ಅದು ಇನ್ನೂ ವಿಚಿತ್ರ," ಎಂದು ರೆಫರೆನ್ಸನ್ನು ಸೊನ್ನೆಗೆ ಇಳಿಸಿ ಬ್ರಿಡ್ಜಿನ ಸ್ವಿಚ್‌ಗಳನ್ನು ಆಡಿಸುವ ಗೇಟ್‌ಗಳನ್ನು ಆನ್ ಮಾಡಿದಳು. ಟಕ್ ಅಂತ ಟ್ರಿಪ್. ಕೆಪಾಸಿಟರ್ ಇರುವ ಡಿಸಿ ಬಸ್‌ನಲ್ಲಿ ಓವರ್‌ವೋಲ್ಟೇಜ್, 450 ವೋಲ್ಟ್. ಕರೆಂಟ್ ಬೇಡ ಎಂದು ಹೇಳಿದ್ದಕ್ಕೆ ಬಸ್ ವೋಲ್ಟೇಜ್ ಏರುವುದು ಎಂತಕ್ಕೆ?

ಈ ಎರಡನೆಯ ಲಕ್ಷಣವೇ ನನಗೆ ಹೆಚ್ಚು ಹೇಳಿತು. ಬಸ್ ಏರಬೇಕಾದರೆ ಮೈನ್ಸ್‌ನಿಂದ ಪವರ್ ಒಳಗೆ ಬರುತ್ತಿರಬೇಕು. ಡಿಸಿ ಸಪ್ಲೈ ಹಿಂದಕ್ಕೆ ಕರೆಂಟ್ ತೆಗೆದುಕೊಳ್ಳುವಂಥದ್ದಲ್ಲ, ಹಾಗಾಗಿ ಬಂದದ್ದೆಲ್ಲ ಕೆಪಾಸಿಟರಿನಲ್ಲಿ ತುಂಬುತ್ತದೆ. ರೆಫರೆನ್ಸ್ ಸೊನ್ನೆ ಇದ್ದಾಗಲೂ ಲೂಪ್ ಮೈನ್ಸ್ ವೋಲ್ಟೇಜನ್ನು ತಡೆಯಲು ಸೋಲುತ್ತಿದೆ ಎಂದಾಯಿತು.

ಇಂಟಿಗ್ರಲ್ ಎಲ್ಲಿ ಸೋಲುತ್ತದೆ

ಕೋಡ್ ತೆರೆದು ನೋಡಿದೆ. ತಪ್ಪನ್ನು ನೇರವಾಗಿ ಗುಣಿಸುವ Kp = 25, ಕೂಡಿಸಿದ ತಪ್ಪನ್ನು ಗುಣಿಸುವ Ki = 15700. ಕೆಟ್ಟ ಟ್ಯೂನಿಂಗ್ ಅಲ್ಲವೇ ಅಲ್ಲ. ಲೂಪಿನ ಗೇನ್ ಒಂದಕ್ಕೆ ಇಳಿಯುವ ಕ್ರಾಸ್‌ಓವರ್ 1 ಕಿಲೋಹರ್ಟ್ಸ್ ಸುಮಾರಿಗೆ ಬರುತ್ತದೆ. ಲೆಕ್ಕ ಮಾಡಿ ಪಿಡಬ್ಲ್ಯುಎಂಗೆ ತಲುಪಿಸುವಷ್ಟರಲ್ಲಿ ಒಂದೂವರೆ ಸ್ಯಾಂಪಲ್, ಅಂದರೆ 75 ಮೈಕ್ರೊಸೆಕೆಂಡ್ ತಡವಾಗುತ್ತದೆ, ಅದನ್ನು ಕಳೆದ ಮೇಲೂ ಲೂಪ್ ನಡುಗದಂತೆ ಕಾಯುವ ಫೇಸ್ ಮಾರ್ಜಿನ್ 58 ಡಿಗ್ರಿ ಉಳಿಯುತ್ತದೆ. ಡಿಸಿ ಮೋಟರಿಗೆ ಇದೇ ಪಿಐ ಹಾಕಿದ್ದರೆ ತಪ್ಪು ಸೊನ್ನೆಗೆ ಇಳಿಯುತ್ತಿತ್ತು.

ಸೈನ್ ಅಲೆಗೆ ಹಾಗಾಗುವುದಿಲ್ಲ. ಇಂಟಿಗ್ರಲ್ ಮಾಡುವುದು ಒಂದೇ ಕೆಲಸ, ತಪ್ಪನ್ನು ಕೂಡಿಸುತ್ತಾ ಹೋಗುವುದು. ತಪ್ಪು ಒಂದೇ ಕಡೆಗೆ ನಿಂತಿದ್ದರೆ ಅದು ಎಷ್ಟೇ ಸಣ್ಣದಾದರೂ ಮೊತ್ತ ಬೆಳೆದು ಬೆಳೆದು ಕೊನೆಗೆ ಅದನ್ನು ಅಳಿಸುತ್ತದೆ. ಆದರೆ ಇಲ್ಲಿ ತಪ್ಪೂ 50 ಹರ್ಟ್ಸ್‌ನ ಅಲೆಯೇ. 10 ಮಿಲಿಸೆಕೆಂಡ್ ಕೂಡಿಸಿದ್ದನ್ನು ಮುಂದಿನ 10 ಮಿಲಿಸೆಕೆಂಡ್ ಕಳೆದು ಬಿಡುತ್ತದೆ. ಗುರುಪುರ ಹೊಳೆಯ ಅಳಿವೆಯಲ್ಲಿ ಉಬ್ಬರಕ್ಕೆ ಒಳಗೆ ಬಂದ ನೀರು ಇಳಿತಕ್ಕೆ ಹೊರಗೆ ಹೋದ ಹಾಗೆ. ಎಷ್ಟು ದಿನ ಕಾದರೂ ನೀರು ಅಲ್ಲಿ ಸೇರಿಕೊಂಡು ಏರುತ್ತಾ ಹೋಗುವುದಿಲ್ಲ. ಮೇಲಾಗಿ ತಪ್ಪು ಅತಿ ಹೆಚ್ಚಿರುವ ಗಳಿಗೆಯಲ್ಲಿ ಮೊತ್ತ ಸೊನ್ನೆಯಲ್ಲಿರುತ್ತದೆ, ತಪ್ಪು ಸೊನ್ನೆಗೆ ಬಂದಾಗ ಮೊತ್ತ ತುದಿಯಲ್ಲಿರುತ್ತದೆ. ಸಹಾಯ ಬರುವುದು ಕಾಲು ಸೈಕಲ್ ತಡವಾಗಿ.

ಇದನ್ನೇ ಲೆಕ್ಕದಲ್ಲಿ ಹೇಳಿದರೆ, ಇಂಟಿಗ್ರಲ್‌ನ ಗೇನ್ ಡಿಸಿಯಲ್ಲಿ ಮಾತ್ರ ಅನಂತ. 50 ಹರ್ಟ್ಸ್‌ನಲ್ಲಿ ಅದು Ki/ω, ಅಂದರೆ 15700ನ್ನು 314ರಿಂದ ಭಾಗಿಸಿದರೆ ಬರುವ 50, ಅದೂ 90 ಡಿಗ್ರಿ ಹಿಂದೆ. ಪಿಐ ಔಟ್‌ಪುಟ್ ವೋಲ್ಟ್, ಇನ್‌ಪುಟ್ ಆಂಪಿಯರ್. ಆದ್ದರಿಂದ ಈ ಗೇನನ್ನು ಓಮ್‌ನಲ್ಲೇ ಓದಬಹುದು. ನಾನು ಯಾವಾಗಲೂ ಹಾಗೆ ಓದುತ್ತೇನೆ, ಚಿತ್ರ ಕೂಡಲೇ ಸ್ಪಷ್ಟವಾಗುತ್ತದೆ. ಮೈನ್ಸ್‌ನ ಕಡೆಯಿಂದ ನೋಡಿದರೆ ನಮ್ಮ ಇನ್ವರ್ಟರ್ ಒಂದು ಇಂಪೀಡೆನ್ಸ್. ಅದರ ಬೆಲೆ ಕಂಟ್ರೋಲರಿನ ಗೇನ್ ಮತ್ತು ಇಂಡಕ್ಟರಿನ ಇಂಪೀಡೆನ್ಸ್ ಎರಡೂ ಸೇರಿದ್ದು:

```
Kp + R       = 25 + 0.4  = 25.4
w*L - Ki/w   = 1.3 - 50  = -48.7
|Z|          = 55
325 V / 55   = 5.9 A
```

ಮೈನ್ಸ್ ವೋಲ್ಟೇಜಿನ ತುದಿ 325 ವೋಲ್ಟ್. ಆ ವೋಲ್ಟೇಜ್ ಈ 55 ಓಮ್‌ನ ಮೇಲೆ ಬಿದ್ದು 5.9 ಆಂಪಿಯರ್ ಹರಿಸುತ್ತದೆ, ನಾವು ಕೇಳಿದರೂ ಕೇಳದಿದ್ದರೂ. ಅದರಲ್ಲಿ 25.4 ಓಮ್‌ನ ಭಾಗ ರೆಸಿಸ್ಟರಿನಂತೆ ವರ್ತಿಸುವುದರಿಂದ ಸುಮಾರು 445 ವ್ಯಾಟ್ ಒಳಗೆ ಬರುತ್ತದೆ. ರೆಫರೆನ್ಸ್ ಸೊನ್ನೆ ಇದ್ದಾಗ ಬಸ್ ಏರಿದ್ದು ಇದರಿಂದ. 400ರಿಂದ 450 ವೋಲ್ಟ್‌ಗೆ ಆ ಕೆಪಾಸಿಟರಿಗೆ ಬೇಕಾದದ್ದು 42 ಜೂಲ್ ಮಾತ್ರ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತುಂಬಿ ಬಿಡುತ್ತದೆ.

1 ಕಿಲೋವ್ಯಾಟ್ ಕೇಳಿದಾಗ ಆದದ್ದೂ ಇದೇ. ಕೇಳಿದ 6.15 ಆಂಪಿಯರಿನಲ್ಲಿ ವೋಲ್ಟೇಜಿನ ಜೊತೆ ಹೋಗುವ ಭಾಗ 3.5ಕ್ಕೆ ಇಳಿಯಿತು, 90 ಡಿಗ್ರಿ ಹಿಂದಿರುವ 5.35 ಹೊಸದಾಗಿ ಸೇರಿಕೊಂಡಿತು. ಎರಡನ್ನೂ ವೆಕ್ಟರ್ ಆಗಿ ಕೂಡಿಸಿದರೆ 6.4. ಆರ್‌ಎಂಎಸ್‌ಗೆ ತಿರುಗಿಸಿದರೆ 4.5 ಆಂಪಿಯರ್, ಕ್ಲ್ಯಾಂಪ್ ಮೀಟರ್ ತೋರಿಸಿದ್ದು ಅಷ್ಟನ್ನೇ. ಕರೆಂಟಿನ ಗಾತ್ರ ಆಕಸ್ಮಿಕವಾಗಿ ಸರಿ ಇತ್ತು, ದಿಕ್ಕು ಪೂರ್ತಿ ತಪ್ಪಿತ್ತು. ಕರೆಂಟ್ ಲೂಪನ್ನು ಬರೀ ಆಂಪಿಯರ್ ನೋಡಿ ಪಾಸ್ ಮಾಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಪೂರ್ತಿ 3 ಕಿಲೋವ್ಯಾಟ್‌ನಲ್ಲಿ ಇದೇ ಲೂಪಿಗೆ ಪವರ್ ಫ್ಯಾಕ್ಟರ್ 0.94 ಬರುತ್ತದೆ. ತಪ್ಪಿನ ಕರೆಂಟ್ ಆಗಲೂ ಸುಮಾರು ಅಷ್ಟೇ, ಅದನ್ನು ಮುಚ್ಚುವಷ್ಟು ದೊಡ್ಡದಾಗಿರುವುದು ಮುಖ್ಯ ಕರೆಂಟ್. ಅವರು ಮೊದಲೆಲ್ಲ ಪೂರ್ತಿ ಲೋಡಿನಲ್ಲೇ ಪರೀಕ್ಷೆ ಮಾಡಿದ್ದರು. ಮಳೆಗಾಲದ ಮೋಡದಲ್ಲಿ ಪ್ಯಾನೆಲ್ ಮೂರನೇ ಒಂದು ಭಾಗ ಕೊಡುವಾಗ ಆಗುವುದು ಅಲ್ಲಿ ಕಾಣಲಿಲ್ಲ.

ಹಾಗಾದರೆ Ki ಏರಿಸಿದರೆ?

ಶೆಡ್ಡಿನ ಯಜಮಾನರ ಪ್ರಶ್ನೆ ಅದೇ ಆಗಿತ್ತು. "ಅಲ್ಲ ಮಾರಾಯ್ರೇ, ಆ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೆ ಆಗುದಿಲ್ವಾ?"

ಸ್ವಲ್ಪ ಮಟ್ಟಿಗೆ ಆಗುತ್ತದೆ. Ki ಐದು ಪಟ್ಟು ಮಾಡಿದರೆ 50 ಹರ್ಟ್ಸ್‌ನಲ್ಲಿ 250 ಓಮ್, ತಪ್ಪು 1.3 ಆಂಪಿಯರ್, 1 ಕಿಲೋವ್ಯಾಟ್‌ನಲ್ಲಿ ಪವರ್ ಫ್ಯಾಕ್ಟರ್ 0.98ಕ್ಕೆ ಹತ್ತಿರ. ಆದರೆ ಫೇಸ್ ಮಾರ್ಜಿನ್ 58ರಿಂದ 37ಕ್ಕೆ ಕುಸಿಯುತ್ತದೆ. ಹತ್ತು ಪಟ್ಟು ಮಾಡಿದರೆ 18 ಡಿಗ್ರಿ. ಪ್ರತಿ ಸಣ್ಣ ತಳ್ಳುವಿಕೆಗೂ ಕರೆಂಟ್ ಕಿಲೋಹರ್ಟ್ಸ್ ಸುಮಾರಿನಲ್ಲಿ ನಡುಗುತ್ತದೆ, ಇಂಡಕ್ಟರ್ ಕೀಚಲು ಸದ್ದು ಮಾಡುತ್ತದೆ. ಅಷ್ಟಾದ ಮೇಲೂ ತಪ್ಪು ಸೊನ್ನೆಯಾಗುವುದಿಲ್ಲ, 0.65 ಆಂಪಿಯರ್ ಉಳಿದೇ ಇರುತ್ತದೆ. 50 ಹರ್ಟ್ಸ್ ಒಂದಕ್ಕಾಗಿ ಒಂದರಿಂದ ಸಾವಿರ ಹರ್ಟ್ಸ್‌ವರೆಗೆ ಎಲ್ಲ ಕಡೆ ಗೇನ್ ಏರಿಸಿದ ಹಾಗಾಯಿತು. ಬೆಲೆ ತೆರುವುದು ಕ್ರಾಸ್‌ಓವರಿನಲ್ಲಿ.

ಇದಕ್ಕೆ ಎಲ್ಲರೂ ಹಾಕುವ ಮದ್ದು ಫೀಡ್‌ಫಾರ್ವರ್ಡ್. ಅಳೆದ ಮೈನ್ಸ್ ವೋಲ್ಟೇಜನ್ನು ನೇರವಾಗಿ ಪಿಐ ಔಟ್‌ಪುಟ್‌ಗೆ ಕೂಡಿಸುವುದು. ಆಗ 325 ವೋಲ್ಟ್ ಪೂರ್ತಿ ಪಿಐ ಮೇಲೆ ಬೀಳುವುದಿಲ್ಲ, ಉಳಿದ ಕೆಲವೇ ವೋಲ್ಟ್‌ಗಳ ವ್ಯತ್ಯಾಸವನ್ನು ಮಾತ್ರ ಅದು ನೋಡಿಕೊಂಡರೆ ಸಾಕು. ಈ ಕೋಡಿನಲ್ಲೂ ಆ ಸಾಲು ಇತ್ತು, ಕಾಮೆಂಟ್ ಮಾಡಿ ಮುಚ್ಚಿದ್ದರು. ಕೇಳಿದೆ. ಹೆಬ್ರಿಯ ಕಡೆ ಒಂದು ಅಡಿಕೆ ತೋಟದ ಮನೆಯಲ್ಲಿ ಮೊದಲ ಯೂನಿಟ್ ಹಾಕಿದ್ದರಂತೆ. ಟ್ರಾನ್ಸ್‌ಫಾರ್ಮರ್‌ನಿಂದ ಆ ಮನೆಗೆ ಬರುವ ಲೈನ್ ಉದ್ದದ್ದು. ಅಲ್ಲಿ ಇನ್ವರ್ಟರ್ ಆನ್ ಮಾಡಿದ ಕೂಡಲೇ ಗುಂಯ್‌ಗುಟ್ಟಿ ಟ್ರಿಪ್ ಆಗುತ್ತಿತ್ತು, ಫೀಡ್‌ಫಾರ್ವರ್ಡ್ ತೆಗೆದ ಮೇಲೆ ನಿಂತಿತು.

ಕಾರಣ ಸ್ಪಷ್ಟ. ಉದ್ದದ ಲೈನಿಗೆ ತನ್ನದೇ ಇಂಡಕ್ಟೆನ್ಸ್ ಇದೆ. ಇನ್ವರ್ಟರಿನ ಬಾಯಲ್ಲಿ ಅಳೆಯುವ ವೋಲ್ಟೇಜ್ ಬರೀ ಮೈನ್ಸ್‌ನದ್ದಲ್ಲ, ನಮ್ಮದೇ ಕರೆಂಟ್ ಆ ಲೈನಿನಲ್ಲಿ ಎಬ್ಬಿಸಿದ ವೋಲ್ಟೇಜೂ ಅದರಲ್ಲಿ ಸೇರಿರುತ್ತದೆ. ಅದನ್ನು 75 ಮೈಕ್ರೊಸೆಕೆಂಡ್ ತಡಮಾಡಿ ಮತ್ತೆ ಬ್ರಿಡ್ಜಿಗೇ ಕೂಡಿಸಿದರೆ ನಮ್ಮ ದನಿ ನಮ್ಮ ಮೈಕಿಗೆ ಹೋದ ಹಾಗೆ. ಬೈಕಂಪಾಡಿಯ ಗಟ್ಟಿ ಲೈನಿನಲ್ಲಿ ಈ ತೊಂದರೆ ಕಾಣುವುದಿಲ್ಲ. ಹಾಗಾಗಿ ಅವರು ಫೀಡ್‌ಫಾರ್ವರ್ಡ್ ತೆಗೆದದ್ದು ತಪ್ಪಲ್ಲ. ಅದು ಇದ್ದಷ್ಟು ದಿನ ಪಿಐನ ಕೊರತೆಯನ್ನು ಮರೆ ಮಾಡಿತ್ತು, ತೆಗೆದ ದಿನ ಕೊರತೆ ಬಯಲಾಯಿತು.

50 ಹರ್ಟ್ಸ್‌ಗೆ ಒಂದು ಇಂಟಿಗ್ರೇಟರ್

ಇಂಟಿಗ್ರಲ್ ಡಿಸಿಯಲ್ಲಿ ಗೆಲ್ಲುವುದಕ್ಕೆ ಒಂದು ಗುಟ್ಟಿದೆ. ತಪ್ಪು ಸೊನ್ನೆಯಾದ ಮೇಲೂ ಅದು ತನ್ನ ಔಟ್‌ಪುಟನ್ನು ಹಿಡಿದುಕೊಂಡೇ ಇರುತ್ತದೆ. ಇನ್‌ಪುಟ್ ಇಲ್ಲದೆ ಸ್ಥಿರ ಬೆಲೆಯನ್ನು ಕೊಡಬಲ್ಲದು. ನಮಗೆ ಬೇಕಾದದ್ದು ತಪ್ಪು ಸೊನ್ನೆಯಾದ ಮೇಲೂ 325 ವೋಲ್ಟ್‌ನ ಸೈನ್ ಅಲೆಯನ್ನು ತಾನಾಗಿಯೇ ಆಡಿಸುತ್ತಿರುವ ಒಂದು ಭಾಗ. ಯಾವ ಜಾತಿಯ ಸಿಗ್ನಲನ್ನು ತಪ್ಪಿಲ್ಲದೆ ಹಿಂಬಾಲಿಸಬೇಕೋ ಆ ಸಿಗ್ನಲಿನ ಮಾದರಿ ಲೂಪಿನ ಒಳಗೇ ಇರಬೇಕು ಎಂಬ ಈ ಮಾತನ್ನು ಫ್ರಾನ್ಸಿಸ್ ಮತ್ತು ವೊನ್ಹಮ್ 1976ರಲ್ಲಿ ಗಣಿತದಿಂದ ಗಟ್ಟಿ ಮಾಡಿದರು. ಇಂಟರ್ನಲ್ ಮಾಡೆಲ್ ಪ್ರಿನ್ಸಿಪಲ್ ಎಂಬ ಹೆಸರು ಅದರದ್ದು. ಸೈನ್ ಅಲೆಯ ಮಾದರಿ ಎಂದರೆ ಡ್ಯಾಂಪಿಂಗ್ ಇಲ್ಲದ ಆಂದೋಲಕ, ಅಂದರೆ ರೆಸೊನೇಟರ್:

```
C(s) = Kp + Kr * s / (s^2 + w0^2)
```

ಇದೇ ಪ್ರಪೋರ್ಷನಲ್-ರೆಸೊನೆಂಟ್, ಪಿಆರ್. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳಿನಿಂದ ತಳ್ಳಿದರೂ ಪ್ರತಿ ಸಲ ಸ್ವಲ್ಪ ಸ್ವಲ್ಪ ಎತ್ತರಕ್ಕೆ ಹೋಗುವಂತೆ, 50 ಹರ್ಟ್ಸ್‌ನ ಸಣ್ಣ ತಪ್ಪೂ ಇದರ ಔಟ್‌ಪುಟನ್ನು ಸೈಕಲ್‌ನಿಂದ ಸೈಕಲ್‌ಗೆ ಬೆಳೆಸುತ್ತದೆ. ತಪ್ಪು ಅಳಿದಾಗ ಬೆಳೆಯುವುದು ನಿಲ್ಲುತ್ತದೆ, ಆಡುವುದು ನಿಲ್ಲುವುದಿಲ್ಲ. 50 ಹರ್ಟ್ಸ್‌ನಲ್ಲಿ ಗೇನ್ ಅನಂತ, ಬೇರೆ ಕಡೆ ಬೇಗ ಕರಗುತ್ತದೆ.

ಮೂರು ಫೇಸಿನ ಡ್ರೈವ್ ಮಾಡುವವರು ಬರೀ ಪಿಐನಲ್ಲಿ ಸುಖವಾಗಿರುವುದು ಹೇಗೆ ಎಂದು ಕೇಳಬಹುದು. ಅವರು ಕರೆಂಟನ್ನು 50 ಹರ್ಟ್ಸ್‌ನಲ್ಲಿ ತಿರುಗುವ ಅಕ್ಷಗಳಿಗೆ ಹಾಕಿ ಅದನ್ನೇ ಡಿಸಿಯಾಗಿ ಮಾಡಿಕೊಳ್ಳುತ್ತಾರೆ. ಆ ಕೆಲಸಕ್ಕೆ ಎರಡು ಅಕ್ಷ ಬೇಕು, ಸಿಂಗಲ್ ಫೇಸಿನಲ್ಲಿ ಎರಡನೆಯದನ್ನು ಕಾಲು ಸೈಕಲ್ ತಡಮಾಡಿ ಕೃತಕವಾಗಿ ಹುಟ್ಟಿಸಬೇಕು. ತಿರುಗಿಸದೆ ನಿಂತಲ್ಲೇ ಅದೇ ಫಲ ರೆಸೊನೇಟರಿನಿಂದ ಸಿಗುತ್ತದೆ ಎಂದು ಜ್ಮೂಡ್ ಮತ್ತು ಹೋಮ್ಸ್ 2003ರಲ್ಲಿ ತೋರಿಸಿದ ಮೇಲೆ ಇನ್ವರ್ಟರ್ ಕೆಲಸದವರ ನಡುವೆ ಇದು ಚೆನ್ನಾಗಿ ಹರಡಿತು.

Kp ಹಾಗೆಯೇ 25 ಇಟ್ಟೆವು, ಅದು ಕ್ರಾಸ್‌ಓವರನ್ನು ತೀರ್ಮಾನಿಸುವ ಸಂಖ್ಯೆ. Kr ಆರಿಸುವಾಗ ನಾನು ನೋಡುವುದು ತಪ್ಪು ಎಷ್ಟು ಬೇಗ ಅಳಿಯಬೇಕು ಎಂಬುದನ್ನು. ಅಳಿಯುವ ಟೈಮ್ ಕಾನ್ಸ್ಟಂಟ್ ಸುಮಾರು 2(Kp+R)/Kr. Kr = 5000 ಎಂದರೆ 10 ಮಿಲಿಸೆಕೆಂಡ್, ಒಂದೂವರೆ ಸೈಕಲ್‌ನಲ್ಲಿ ತಪ್ಪು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ಫೇಸ್ ಮಾರ್ಜಿನ್‌ನಲ್ಲಿ ತೆರುವ ಬೆಲೆ 1.8 ಡಿಗ್ರಿ. ಹಳೆಯ ಇಂಟಿಗ್ರಲ್ 5.7 ಡಿಗ್ರಿ ತಿನ್ನುತ್ತಿತ್ತು, ಕೊಡುತ್ತಿದ್ದದ್ದು 50 ಓಮ್.

55.6 ಹರ್ಟ್ಸ್

ಎರಡು ದಿನ ಬಿಟ್ಟು ಅವಳು ಪಿಆರ್ ಬರೆದು ಮತ್ತೆ ಕರೆದಳು. "ಸರ್, ಈಗ ಉಲ್ಟಾ ಆಗಿದೆ." 1 ಕಿಲೋವ್ಯಾಟ್‌ಗೆ ಕ್ಲ್ಯಾಂಪ್ ಮೀಟರ್ 4.3 ಆಂಪಿಯರ್ ತೋರಿಸುತ್ತಿತ್ತು, ಕೇಳಿದಷ್ಟೇ. ಸ್ಕೋಪಿನಲ್ಲಿ ಕರೆಂಟ್ ವೋಲ್ಟೇಜಿಗಿಂತ 2.4 ಮಿಲಿಸೆಕೆಂಡ್ ಮುಂದೆ ಇತ್ತು. ಹಿಂದೆ ಬೀಳುತ್ತಿದ್ದದ್ದು ಈಗ ಮುಂದೆ ಓಡುತ್ತಿದೆ.

ಮುಂದೆ ಎಂದ ಕೂಡಲೇ ನನಗೆ ಅನುಮಾನ ಬಂದದ್ದು ರೆಸೊನೆನ್ಸಿನ ಜಾಗದ ಮೇಲೆ. ರೆಸೊನೇಟರ್ ತನ್ನ ಫ್ರೀಕ್ವೆನ್ಸಿಯ ಕೆಳಗೆ ಫೇಸನ್ನು 90 ಡಿಗ್ರಿ ಮುಂದಕ್ಕೆ ತಳ್ಳುತ್ತದೆ, ಮೇಲೆ 90 ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ಕರೆಂಟ್ ಮುಂದಿದೆ ಎಂದರೆ ರೆಸೊನೆನ್ಸ್ 50ಕ್ಕಿಂತ ಮೇಲೆ ಎಲ್ಲೋ ಕೂತಿದೆ.

ಖಚಿತ ಮಾಡಿಕೊಳ್ಳುವುದಕ್ಕೆ ಸುಲಭದ ದಾರಿ ಇದೆ. ಗೇಟ್‌ಗಳನ್ನು ಆಫ್ ಮಾಡಿ, ತಪ್ಪನ್ನು ಕೋಡಿನಲ್ಲೇ ಸೊನ್ನೆಗೆ ಕಟ್ಟಿ, ರೆಸೊನೇಟರಿನ ಒಳಗಿನ ಬೆಲೆಗೆ ಒಂದು ಸಲ ಏನಾದರೂ ಸಂಖ್ಯೆ ತುಂಬಿ ಬಿಟ್ಟು ಬಿಡುವುದು. ಅದು ತನ್ನಷ್ಟಕ್ಕೆ ಆಡುತ್ತದೆ. ಆ ಬೆಲೆಯನ್ನು ಡಿಎಸಿ ಪಿನ್ನಿಗೆ ಕಳಿಸಿ ಸ್ಕೋಪಿನಲ್ಲಿ ಹತ್ತು ಸೈಕಲ್ ಅಳೆದೆವು. 200 ಮಿಲಿಸೆಕೆಂಡ್ ಬರಬೇಕಿತ್ತು, ಬಂದದ್ದು 180. ಅಂದರೆ 55.6 ಹರ್ಟ್ಸ್.

ಕೋಡಿನಲ್ಲಿ ತಪ್ಪು ಒಂದೇ ಸಾಲಿನಲ್ಲಿತ್ತು. ಅವಳು ರೆಸೊನೇಟರನ್ನು ಸಾಮಾನ್ಯ ಎರಡನೇ ದರ್ಜೆಯ ಡಿಜಿಟಲ್ ಫಿಲ್ಟರಿನಂತೆ ಬರೆದಿದ್ದಳು. ಕಂಟ್ರೋಲರ್ 16 ಬಿಟ್‌ನದ್ದು, ಸಂಖ್ಯೆ 2ಕ್ಕೆ ಹತ್ತಿರ ಇದ್ದುದರಿಂದ ದಶಾಂಶಕ್ಕೆ 14 ಬಿಟ್ ಇಟ್ಟಿದ್ದಳು:

```c
/* 2*cos(w0*Ts) = 1.99975327 */
int16_t a1 = (int16_t)(1.99975327 * 16384);
```

ಗುಣಾಕಾರ ಮಾಡಿದರೆ 32763.96. ಸಿ ಭಾಷೆಯಲ್ಲಿ ಹೀಗೆ ಕ್ಯಾಸ್ಟ್ ಮಾಡಿದರೆ ದಶಾಂಶ ಭಾಗ ಕತ್ತರಿಸಿ ಹೋಗುತ್ತದೆ, ಹತ್ತಿರದ ಪೂರ್ಣಾಂಕಕ್ಕೆ ಹೋಗುವುದಿಲ್ಲ. ಉಳಿದದ್ದು 32763. ಮೂವತ್ತೆರಡು ಸಾವಿರದಲ್ಲಿ ಒಂದು ಹೋದರೆ ಏನಾಯಿತು ಎಂದು ಅನಿಸುತ್ತದೆ. ಆದರೆ ಫ್ರೀಕ್ವೆನ್ಸಿ ಅಡಗಿರುವುದು ಆ ದೊಡ್ಡ ಸಂಖ್ಯೆಯಲ್ಲಲ್ಲ, ಅದು 2ಕ್ಕಿಂತ, ಅಂದರೆ 32768ಕ್ಕಿಂತ, ಎಷ್ಟು ಕಡಿಮೆ ಇದೆ ಎಂಬುದರಲ್ಲಿ. ಅದು 4.04 ಇರಬೇಕಿತ್ತು, 5 ಆಯಿತು. ಫ್ರೀಕ್ವೆನ್ಸಿ ಅದರ ವರ್ಗಮೂಲಕ್ಕೆ ಅನುಗುಣವಾಗಿ ಹೋಗುತ್ತದೆ, 50 ಇದ್ದದ್ದು 55.6 ಆಯಿತು. ಸರಿಯಾಗಿ ರೌಂಡ್ ಮಾಡಿದ್ದರೆ 4 ಬಂದು 49.7 ಹರ್ಟ್ಸ್ ಸಿಗುತ್ತಿತ್ತು. ಇನ್ನೊಂದು ಹೆಜ್ಜೆ ಕೆಳಗೆ 43. ಅಂದರೆ ಈ ರೂಪದಲ್ಲಿ 43, 49.7, 55.6, ಇಷ್ಟೇ ಮೆಟ್ಟಿಲು, ನಡುವೆ ಕಾಲಿಡುವುದಕ್ಕೆ ಜಾಗವಿಲ್ಲ.

55.6ರ ರೆಸೊನೇಟರಿಗೆ 50 ಹರ್ಟ್ಸ್‌ನಲ್ಲಿ ಇರುವ ಗೇನ್ 67 ಓಮ್ ಮಾತ್ರ. ಹಳೆಯ ಇಂಟಿಗ್ರಲ್‌ನ 50 ಓಮ್‌ಗೆ ಸರಿಸುಮಾರು ಸಮ, ದಿಕ್ಕು ಮಾತ್ರ ಬೇರೆ. ಸ್ಕೋಪಿನಲ್ಲಿ ಹಳೆಯ ಚಿತ್ರವೇ ಕನ್ನಡಿಯಲ್ಲಿ ಕಂಡ ಹಾಗೆ ಬಂದದ್ದು ಇದರಿಂದ.

ರೆಸೊನೇಟರನ್ನು ಒಂದನ್ನೊಂದು ತಳ್ಳುವ ಎರಡು ಇಂಟಿಗ್ರೇಟರ್ ಆಗಿ ಬರೆಯುವುದು ನನಗೆ ಇಷ್ಟದ ರೂಪ. ಇಲ್ಲಿ wT ಎಂದರೆ w0 * Ts:

```c
y += Kr * Ts * e - wT * x;
x += wT * y;          /* y: new value */
u  = Kp * e + y;
```

ಈಗ ಫ್ರೀಕ್ವೆನ್ಸಿ ಇರುವುದು 0.015708 ಎಂಬ ಸಂಖ್ಯೆಯಲ್ಲಿ ನೇರವಾಗಿ. ಅದೇ 16 ಬಿಟ್‌ನಲ್ಲಿ, ದಶಾಂಶಕ್ಕೆ 15 ಬಿಟ್ ಇಟ್ಟರೆ 515, ಅಂದರೆ 50.03 ಹರ್ಟ್ಸ್. ಯಾರಾದರೂ ಮತ್ತೆ ರೌಂಡ್ ಮಾಡಲು ಮರೆತು 514 ಆದರೂ 49.93. ಒಂದು ಮೆಟ್ಟಿಲಿಗೆ ಹರ್ಟ್ಸ್‌ನ ಹತ್ತನೇ ಒಂದು ಭಾಗ. x ಮತ್ತು y ಇಡುವುದಕ್ಕೆ 32 ಬಿಟ್ ಬೇಕೇ ಬೇಕು, ಇಲ್ಲದಿದ್ದರೆ ತಪ್ಪು ಸಣ್ಣದಾದಾಗ ಕೂಡಿಸುವ ಮೊತ್ತ ಸೊನ್ನೆಗೆ ಇಳಿದು ಬಿಡುತ್ತದೆ.

ಎರಡನೇ ಸಾಲಿನಲ್ಲಿ ಹೊಸ y ಬಳಸಬೇಕು ಎಂಬುದನ್ನು ಮರೆಯಬಾರದು. ಹಳೆಯ yಯನ್ನೇ ಬಳಸಿದರೆ ಆಂದೋಲನ ಪ್ರತಿ ಸ್ಯಾಂಪಲಿಗೂ ಒಂದಿಷ್ಟು ಹಿಗ್ಗುತ್ತದೆ, ಸುಮ್ಮನೆ ಬಿಟ್ಟರೆ 0.4 ಸೆಕೆಂಡಿಗೆ 2.7 ಪಟ್ಟು. ಲೂಪ್ ಮುಚ್ಚಿದ್ದಾಗ ಇದು ಗೊತ್ತಾಗುವುದಿಲ್ಲ, ಗೇಟ್ ಆಫ್ ಆಗಿ ಲೆಕ್ಕ ಮಾತ್ರ ಓಡುತ್ತಿರುವಾಗ ಸಂಖ್ಯೆ ಉಬ್ಬಿ ಮುಂದಿನ ಆನ್‌ಗೆ ಕಾದಿರುತ್ತದೆ.

ಬದಲಾಯಿಸಿ ಮತ್ತೆ ಹತ್ತು ಸೈಕಲ್ ಅಳೆದೆವು, 200 ಮಿಲಿಸೆಕೆಂಡ್. ಗೇಟ್ ಆನ್ ಮಾಡಿದೆವು. ಎರಡು ಅಲೆಗಳೂ ಸೊನ್ನೆಯಲ್ಲಿ ಒಟ್ಟಿಗೆ ದಾಟಿದವು. 1 ಕಿಲೋವ್ಯಾಟ್ ಕೇಳಿದ್ದಕ್ಕೆ 995 ವ್ಯಾಟ್. ಸೊನ್ನೆ ಕೇಳಿದಾಗ ಬಸ್ 400ರಲ್ಲೇ ನಿಂತಿತು, ಆದರೆ ಆನ್ ಮಾಡಿದ ಗಳಿಗೆಯಲ್ಲಿ 425ರ ಹತ್ತಿರ ಹಾರಿ ಇಳಿಯುತ್ತಿತ್ತು.

ಆ ಹಾರಿಕೆಗೂ ಕಾರಣ ಇದೆ. ಗೇಟ್ ಆನ್ ಆದಾಗ ರೆಸೊನೇಟರ್ ಖಾಲಿ. ಅದು 325 ವೋಲ್ಟ್‌ಗೆ ಬೆಳೆಯುವ ತನಕ ಮೈನ್ಸನ್ನು ತಡೆಯುವುದು Kp ಒಂದೇ, 12.8 ಆಂಪಿಯರ್ ಒಳಗೆ ನುಗ್ಗುತ್ತದೆ. ಪಿಎಲ್‌ಎಲ್ ಮೊದಲೇ ಲಾಕ್ ಆಗಿರುವುದರಿಂದ ವೋಲ್ಟೇಜನ್ನು V·cosθ ಎಂದು ಬರೆದರೆ ಗಾತ್ರ V, ಕೋನ θ ಎರಡೂ ನಮ್ಮ ಕೈಯಲ್ಲಿ ಇವೆ. ಗೇಟ್ ಆನ್ ಮಾಡುವ ಅದೇ ಸ್ಯಾಂಪಲಿನಲ್ಲಿ yಗೆ V·cosθ, xಗೆ V·sinθ ತುಂಬಿದೆವು. ಜೋಕಾಲಿ ಮೊದಲೇ ಸರಿಯಾದ ಎತ್ತರದಲ್ಲಿ ಆಡುತ್ತಿದ್ದಂತೆ. ಹಾರಿಕೆ 3 ವೋಲ್ಟ್‌ಗೆ ಇಳಿಯಿತು. ಇದು ಫೀಡ್‌ಫಾರ್ವರ್ಡ್‌ನ ಲಾಭವನ್ನು ಒಂದೇ ಗಳಿಗೆಗೆ ಪಡೆದುಕೊಂಡ ಹಾಗೆ. ನಿರಂತರ ಕೂಡಿಸುವುದಿಲ್ಲವಾದ್ದರಿಂದ ಹೆಬ್ರಿಯ ಗುಂಯ್‌ಗುಡುವಿಕೆ ಬರುವುದಕ್ಕೆ ಆಸ್ಪದವಿಲ್ಲ.

ಉಳಿದ ಲೆಕ್ಕ

ಇಂಟಿಗ್ರಲನ್ನು ಪೂರ್ತಿ ತೆಗೆದು ಹಾಕಿದೆವೇ ಎಂದರೆ, ಇಲ್ಲ. ರೆಸೊನೇಟರಿಗೆ ಡಿಸಿಯಲ್ಲಿ ಗೇನ್ ಸೊನ್ನೆ. ಬ್ರಿಡ್ಜಿನ ಎರಡು ಕಾಲುಗಳ ಸ್ವಿಚಿಂಗಿನಲ್ಲಿರುವ ಸಣ್ಣ ವ್ಯತ್ಯಾಸದಿಂದ ಒಂದು ವೋಲ್ಟ್ ಡಿಸಿ ಹುಟ್ಟಿದರೂ ಅದನ್ನು ತಡೆಯುವುದು 25.4 ಓಮ್ ಮಾತ್ರ, 40 ಮಿಲಿಆಂಪಿಯರ್ ಮೈನ್ಸ್‌ಗೆ ಹೋಗುತ್ತದೆ. ಗ್ರಿಡ್‌ಗೆ ಬಿಡಬಹುದಾದ ಡಿಸಿಯ ಮಿತಿ ರೇಟೆಡ್ ಕರೆಂಟಿನ 0.5 ಪ್ರತಿಶತ, ಈ ಯೂನಿಟ್‌ಗೆ 65 ಮಿಲಿಆಂಪಿಯರ್. ಹಾಗಾಗಿ Ki = 500ರ ಒಂದು ನಿಧಾನದ ಇಂಟಿಗ್ರಲ್ ಪಕ್ಕದಲ್ಲಿ ಉಳಿಯಿತು, ಅದಕ್ಕೆ ಒಗ್ಗುವ ಕೆಲಸ ಅದಕ್ಕೆ. ಕರೆಂಟ್ ಸೆನ್ಸರಿನಲ್ಲೇ ಆಫ್‌ಸೆಟ್ ಇದ್ದರೆ ಮಾತ್ರ ಅದನ್ನು ಯಾವ ಕಂಟ್ರೋಲರೂ ಕಾಣಲಾರದು; ಆನ್ ಮಾಡುವ ಮೊದಲು ಕರೆಂಟ್ ಇಲ್ಲದಾಗ ಅಳೆದು ಕಳೆಯಬೇಕು.

ಫ್ರೀಕ್ವೆನ್ಸಿ ಅಲುಗಾಡುವುದರ ಬಗ್ಗೆ ಯಜಮಾನರಿಗೆ ಭಯವಿತ್ತು. ಮೈನ್ಸ್‌ನ ಮಟ್ಟಿಗೆ ಅದು ಬೇಡ. ನಮ್ಮ ಗ್ರಿಡ್ ಕೋಡಿನ ವ್ಯಾಪ್ತಿ 49.90ರಿಂದ 50.05 ಹರ್ಟ್ಸ್, 49.90ರಲ್ಲೂ ಈ ರೆಸೊನೇಟರಿಗೆ 3,000 ಓಮ್‌ಗಿಂತ ಹೆಚ್ಚು ಗೇನ್ ಉಳಿದಿರುತ್ತದೆ, ತಪ್ಪು 0.1 ಆಂಪಿಯರ್. ಆದರೆ ಅವರ ಇನ್ನೊಬ್ಬ ಗಿರಾಕಿ ಮಲ್ಪೆಯ ಒಂದು ಐಸ್ ಪ್ಲಾಂಟ್, ಅಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಡೀಸೆಲ್ ಜನರೇಟರಿನ ಜೊತೆ ಓಡಬೇಕು. ಕಂಪ್ರೆಸರ್ ಹತ್ತಿದಾಗ ಜನರೇಟರ್ 48.5ಕ್ಕೆ ಇಳಿಯುತ್ತದೆ. ಆಗ ಗೇನ್ 260 ಓಮ್, ತಪ್ಪು 1.2 ಆಂಪಿಯರ್, ಮೋಡದ ದಿನ 300 ವ್ಯಾಟ್‌ನಲ್ಲಿ ಪವರ್ ಫ್ಯಾಕ್ಟರ್ 0.8ರ ಸುಮಾರಿಗೆ ಇಳಿಯುತ್ತದೆ. ಅಲ್ಲಿಗೆ ಪಿಎಲ್‌ಎಲ್ ಅಳೆದ ಫ್ರೀಕ್ವೆನ್ಸಿಯನ್ನೇ wTಗೆ ಕೊಟ್ಟೆವು, ಎರಡು ಸಾಲಿನ ರೂಪದಲ್ಲಿ ಅದು ಒಂದೇ ಸಂಖ್ಯೆಯ ಬದಲಾವಣೆ. ಸಿಂಗಲ್ ಫೇಸ್ ಪಿಎಲ್‌ಎಲ್‌ನ ಅಳತೆಯಲ್ಲಿ 100 ಹರ್ಟ್ಸ್‌ನ ಅಲುಗಾಟ ಸೇರಿರುತ್ತದೆ, ಅದನ್ನು ಪ್ರತಿ ಸ್ಯಾಂಪಲಿಗೂ ತುಂಬಿದರೆ ರೆಸೊನೇಟರ್ ತಾನೇ ಕರೆಂಟಿಗೆ ಮೂರನೇ ಹಾರ್ಮೋನಿಕ್ ಬೆರೆಸುತ್ತದೆ. ಆದ್ದರಿಂದ ಸೈಕಲ್‌ಗೊಮ್ಮೆ ಸರಾಸರಿ ತೆಗೆದು ಬದಲಾಯಿಸಬೇಕು.

ಮೂರನೇ ಹಾರ್ಮೋನಿಕ್‌ನ ವಿಷಯದಲ್ಲಿ ಪಿಆರ್ ಹಳೆಯ ಪಿಐಗಿಂತ ಕೊಂಚ ಹಿಂದೆಯೇ. ಒಂದೇ ಕಾಲಿನ ಎರಡು ಸ್ವಿಚ್‌ಗಳೂ ಆಫ್ ಇರುವ 1 ಮೈಕ್ರೊಸೆಕೆಂಡ್ ಡೆಡ್ ಟೈಮ್ ಇದೆ, ಅದರಿಂದ ಹುಟ್ಟುವ ವೋಲ್ಟೇಜ್ ದೋಷದಲ್ಲಿ 150 ಹರ್ಟ್ಸ್‌ನ ಪಾಲು 7 ವೋಲ್ಟ್‌ನ ಹತ್ತಿರ. ಪಿಐ ಅಲ್ಲಿ 28 ಓಮ್ ಒಡ್ಡುತ್ತಿತ್ತು, 50ಕ್ಕೆ ಮಾತ್ರ ಕಟ್ಟಿದ ಪಿಆರ್ 25 ಒಡ್ಡುತ್ತದೆ. ಪೂರ್ತಿ ಲೋಡಿನಲ್ಲಿ ಅದು ಒಂದೂವರೆ ಪ್ರತಿಶತ, ಲೆಕ್ಕಕ್ಕಿಲ್ಲ. 300 ವ್ಯಾಟ್‌ನಲ್ಲಿ ಮಾತ್ರ ಸೊನ್ನೆ ದಾಟುವ ಕಡೆ ಅಲೆ ಸೊಟ್ಟಗಾಗಿ ನಿಲ್ಲುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅವಳೇ ಆ ಎರಡು ಸಾಲನ್ನು ಇನ್ನೊಮ್ಮೆ ಬರೆದು, wT ಜಾಗದಲ್ಲಿ ಅದರ ಮೂರು ಪಟ್ಟು, Kr 2000 ಹಾಕಿ, ಔಟ್‌ಪುಟ್‌ಗೆ ಕೂಡಿಸಿದಳು. ಸೊಟ್ಟು ಬಹುಪಾಲು ಹೋಯಿತು. ಐದನೆಯದಕ್ಕೂ ಹಾಕುತ್ತೇನೆ ಅಂದಳು. ಹಾಕಬಹುದು, ಆದರೆ ಏಳು, ಒಂಬತ್ತು ಎಂದು ಮೇಲೆ ಹೋದಂತೆ ಕ್ರಾಸ್‌ಓವರ್ ಹತ್ತಿರ ಬರುತ್ತದೆ, 75 ಮೈಕ್ರೊಸೆಕೆಂಡಿನ ತಡಕ್ಕೆ ಪ್ರತಿಯೊಂದರ ಕೋನವನ್ನೂ ಮುಂದಕ್ಕೆ ತಿದ್ದಿ ಬರೆಯಬೇಕಾಗುತ್ತದೆ. ಐದಕ್ಕೆ ನಿಲ್ಲಿಸಿದೆವು. ಮಾರನೆಯ ವಾರ ಅದೇ ಬೋರ್ಡನ್ನು ಹೆಬ್ರಿಯ ಮನೆಗೆ ಒಯ್ದು ಹಾಕಿದರು, ಫೀಡ್‌ಫಾರ್ವರ್ಡ್‌ನ ಆ ಸಾಲು ಕಾಮೆಂಟಿನಲ್ಲೇ ಇದ್ದ ಹಾಗೆ.